ಅಮ್ಮನ ಜಾತಕದಲ್ಲಿ ‘ಶ್ರಾವಣ ಬಹುಳ ಬಿದಿಗೆ’ ಅಂತಿದೆ, ಇಂಗ್ಲಿಷ್ ತಾರೀಖು ಯಾವುದು?

ಹಾರಂಗಿ ದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮದು ಸೋಮವಾರಪೇಟೆ ಕಡೆ. ಅಣ್ಣ ಹೊರದೇಶದಲ್ಲಿದ್ದಾನೆ, ಅಮ್ಮನನ್ನು ಸ್ವಲ್ಪ ಕಾಲ ಅಲ್ಲಿಗೆ ಕರೆಸಿಕೊಳ್ಳಬೇಕು ಅಂತಿದ್ದಾನೆ. ಅದಕ್ಕೆ ಅಮ್ಮನ ಜನನ ಪ್ರಮಾಣಪತ್ರ ಕೇಳಿದ್ದಾರೆ. ಅಮ್ಮ ಹುಟ್ಟಿದ್ದು ಮನೆಯಲ್ಲೇ. ಆಧಾರ್‌ನಲ್ಲಿ 01-01-1966 ಅಂತಿದೆ. ಅವತ್ತು ಕೇಳಿದಾಗ ಇಸವಿ ಮಾತ್ರ ಹೇಳಿದ್ದರಂತೆ, ಹಾಗಾಗಿ ಜನವರಿ ಒಂದು ಬಂದುಬಿಟ್ಟಿದೆ.

ತಾಲ್ಲೂಕು ಕಚೇರಿಯ ಹಳೇ ರಿಜಿಸ್ಟರ್ ಹುಡುಕಿಸೋಣ ಅಂತ ಹೋದರೆ, ತಾರೀಖು ಹೇಳಿ ಅಂದರು. ನಮ್ಮ ಹತ್ತಿರ ಇರುವುದು ಜಾತಕ ಒಂದೇ. ಅದರಲ್ಲಿ ಓದಲು ಬರುವುದನ್ನು ಹಾಗೇ ಬರೆಯುತ್ತೇನೆ:

“ಶಾಲಿವಾಹನ ಶಕ 1888, ಪರಾಭವ ಸಂವತ್ಸರ, ದಕ್ಷಿಣಾಯನ, ವರ್ಷ ಋತು, … ಶ್ರಾವಣ ಬಹುಳ ಬಿದಿಗೆ, ಬುಧವಾರ, ಶತಭಿಷಾ ನಕ್ಷತ್ರ, ಉದಯಾದಿ ಘಳಿಗೆ 9 ವಿಘಳಿಗೆ 30.”

‘ಶ್ರಾವಣ’ದ ಹಿಂದೆ ಒಂದು ಪದ ಇತ್ತು ಅನ್ನಿಸುತ್ತೆ. ಆ ಜಾಗ ಮಡಿಕೆಯ ಮೇಲೇ ಬಂದಿದೆ, ಹುಳ ತಿಂದು ತೂತಾಗಿದೆ. ಇದಕ್ಕೆ ಸರಿಯಾದ ಇಂಗ್ಲಿಷ್ ತಾರೀಖು ಯಾರಾದರೂ ಹೇಳ್ತೀರಾ?

ಗಣಕ ಗಣಿ

ಅಕ್ಕಾ, ಸುಲಭ ಇದೆ. ಶಕ ವರ್ಷಕ್ಕೆ 78 ಸೇರಿಸಿದರೆ 1966. ಬಹುಳ ಬಿದಿಗೆ ಅಂದರೆ 15 + 2, ತಿಂಗಳ 17ನೇ ದಿನ. ಆನ್‌ಲೈನ್ ಪರಿವರ್ತಕದಲ್ಲಿ ಶಕ 1888, ಶ್ರಾವಣ 17 ಅಂತ ಹಾಕಿದೆ. 8 ಆಗಸ್ಟ್ 1966 ಬಂತು. ಅದನ್ನೇ ಕೊಡಿ.

ನಾಪೋಕ್ಲು ಅಣ್ಣ

ನಮ್ಮ ಮನೆಗಳಲ್ಲಿ ಈ ತಿಥಿಯ ತಾಪತ್ರಯ ಕಡಿಮೆ. ನಮ್ಮಪ್ಪನದ್ದು ‘ಕಕ್ಕಡ 5’ ಅಂತ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಕಕ್ಕಡ ಶುರುವಾಗುವುದು ಜುಲೈ 17ರ ಹೊತ್ತಿಗೆ, ಎಣಿಸಿಕೊಂಡು ಹೋದರೆ ಆಯ್ತು. ನಿಮ್ಮಲ್ಲಿ ಯಾರಾದರೂ ಹಾಗೆ ಬರೆದಿದ್ದಾರಾ ನೋಡಿ.

ಭಾಗಮಂಡಲ ಭಟ್ಟ

ಗಣಿ, ಸ್ವಲ್ಪ ತಡಿ. ನೀನು ಹಾಕಿದ ಪರಿವರ್ತಕದ ‘ಶಕ’ ಬೇರೆ, ಜಾತಕದ ‘ಶಕ’ ಬೇರೆ. ನಿನ್ನದು ಸರ್ಕಾರ 1957ರಲ್ಲಿ ಜಾರಿಗೆ ತಂದ ರಾಷ್ಟ್ರೀಯ ಪಂಚಾಂಗ. ಅದರಲ್ಲಿ ತಿಥಿಯೇ ಇಲ್ಲ. ಶ್ರಾವಣ 1 ಅಂದರೆ ಪ್ರತಿ ವರ್ಷ ಜುಲೈ 23, ಅಲ್ಲಿಂದ ದಿನ ಎಣಿಸುತ್ತಾ ಹೋಗುವುದು ಅಷ್ಟೇ. ಜಾತಕದಲ್ಲಿರುವುದು ಚಂದ್ರನ ತಿಂಗಳು, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಎರಡಕ್ಕೂ ತಿಂಗಳ ಹೆಸರು ಒಂದೇ ಇರುವುದರಿಂದ ಈ ತಪ್ಪು ತುಂಬಾ ಜನ ಮಾಡುತ್ತಾರೆ.

ತಪ್ಪು ಅಂತ ಹೇಗೆ ಗೊತ್ತಾಗುತ್ತೆ ಅಂದರೆ, ವಾರ ನೋಡು. 1966ರ ಆಗಸ್ಟ್ 8 ಸೋಮವಾರ. ಜಾತಕ ಬುಧವಾರ ಅನ್ನುತ್ತಿದೆ. ಅಲ್ಲಿಗೇ ಅದು ಬಿದ್ದುಹೋಯಿತು.

ತಂಗೀ, ವರ್ಷದ ಬಗ್ಗೆ ಅನುಮಾನ ಬೇಡ. ಶಕದ ಅಂಕಿಯನ್ನು ಕೆಲವರು ನಡೆಯುತ್ತಿರುವ ವರ್ಷ ಅಂತ ಒಂದು ಹೆಚ್ಚಿಗೆ ಬರೆಯುವುದುಂಟು. ಆದರೆ ಇಲ್ಲಿ ಸಂವತ್ಸರದ ಹೆಸರೂ ಇದೆ. ಪರಾಭವ ಅಂದರೆ 1966ರ ಯುಗಾದಿಯಿಂದ 1967ರ ಯುಗಾದಿವರೆಗೆ. ಅದಕ್ಕೂ ಹಿಂದಿನ ಪರಾಭವ 1906ರಲ್ಲಿ ಹೋಯಿತು. ಸಂವತ್ಸರ, ಶಕ ಎರಡೂ ಹೊಂದುತ್ತವೆ.

ಕಷ್ಟ ಇರುವುದು ಆ ತೂತಿನಲ್ಲಿ. 1966ರಲ್ಲಿ ಶ್ರಾವಣ ಎರಡು ಸಲ ಬಂದಿತ್ತು. ಮೊದಲು ಅಧಿಕ ಶ್ರಾವಣ, ಆಮೇಲೆ ನಿಜ ಶ್ರಾವಣ. ಹುಳ ತಿಂದಿರುವುದು ‘ಅಧಿಕ’ವೋ ‘ನಿಜ’ವೋ ಅನ್ನುವುದೇ ಪ್ರಶ್ನೆ. ಒಂದೊಂದಕ್ಕೆ ಒಂದೊಂದು ತಾರೀಖು, ನಡುವೆ ಸುಮಾರು ಒಂದು ತಿಂಗಳ ವ್ಯತ್ಯಾಸ. ರಾತ್ರಿ ಕುಳಿತು ಲೆಕ್ಕ ಹಾಕಿ ಬರೆಯುತ್ತೇನೆ.

ಗಣಕ ಗಣಿ

ಓ, ಸರಿ ಭಟ್ಟರೇ. ರಾಷ್ಟ್ರೀಯ ಪಂಚಾಂಗದ ವಿಷಯ ಗೊತ್ತಿರಲಿಲ್ಲ. ವಾರ ನೋಡಲು ನಾನು ಕಂಪ್ಯೂಟರಿನಲ್ಲಿ ಇದನ್ನು ಹಾಕಿದೆ, ಆ ತಿಂಗಳ ಕ್ಯಾಲೆಂಡರ್ ಪೂರ್ತಿ ಬರುತ್ತೆ:

```
cal 8 1966
```

ಆಗಸ್ಟ್‌ನಲ್ಲಿ ಬುಧವಾರ ಐದು ಸಲ ಇದೆ: 3, 10, 17, 24, 31. ಬೇರೆ ಒಂದು ಜಾಲತಾಣದಲ್ಲಿ ತಿಥಿ, ನಕ್ಷತ್ರ ಎರಡೂ ನೋಡಿದೆ. ಆಗಸ್ಟ್ 31ಕ್ಕೆ ಬುಧವಾರ, ಶತಭಿಷಾ ನಕ್ಷತ್ರ ಎರಡೂ ಸರಿಯಾಗಿ ಕೂರುತ್ತವೆ! ತಿಥಿ ಮಾತ್ರ ಪಾಡ್ಯ ತೋರಿಸುತ್ತಿದೆ. ಒಂದು ತಿಥಿ ಆಚೀಚೆ ಆಗುವುದು ಸಹಜ ಅಲ್ವಾ? ನನ್ನ ಪ್ರಕಾರ 31 ಆಗಸ್ಟ್ 1966.

ವಿರಾಜಪೇಟೆ ಟೀಚರ್

ವಿಷಯಕ್ಕೆ ಅಡ್ಡ ಬರುತ್ತಿದ್ದೇನೆ, ಕ್ಷಮಿಸಿ. ಹುಟ್ಟುಹಬ್ಬವನ್ನು ತಿಥಿ ಪ್ರಕಾರ ಮಾಡುವುದಾದರೆ ಅಧಿಕ ಮಾಸದಲ್ಲಿ ಹುಟ್ಟಿದವರಿಗೆ ಪ್ರತಿ ವರ್ಷ ಹಬ್ಬ ಹೇಗೆ? ನನ್ನ ಮೊಮ್ಮಗಳು 2023ರ ಅಧಿಕ ಶ್ರಾವಣದಲ್ಲಿ ಹುಟ್ಟಿದ್ದು.

ಭಾಗಮಂಡಲ ಭಟ್ಟ

ಟೀಚರೇ, ಅಧಿಕ ಇಲ್ಲದ ವರ್ಷದಲ್ಲಿ ಮಾಮೂಲಿ ಶ್ರಾವಣದ ಅದೇ ತಿಥಿಗೆ ಮಾಡಿ. ಆದರೆ ಇಲ್ಲಿ ಕೇಳಿರುವುದು ಕಾಗದಕ್ಕೆ ಹಾಕುವ ತಾರೀಖು.

ಈಗ ಲೆಕ್ಕ. 1966ರ ಜುಲೈ 18, ಸೋಮವಾರ ಬೆಳಿಗ್ಗೆ ಹತ್ತು ಗಂಟೆ ಸುಮಾರಿಗೆ ಅಮಾವಾಸ್ಯೆ ಮುಗಿಯಿತು. ಮುಂದಿನ ಅಮಾವಾಸ್ಯೆ ಮುಗಿದದ್ದು ಆಗಸ್ಟ್ 16ರ ಸಂಜೆ ಐದರ ನಂತರ. ಸೂರ್ಯ ಕರ್ಕಕ್ಕೆ ಬಂದದ್ದು ಜುಲೈ 16ಕ್ಕೆ, ಅಂದರೆ ಮೊದಲ ಅಮಾವಾಸ್ಯೆಗೂ ಮುಂಚೆ. ಸಿಂಹಕ್ಕೆ ಹೋದದ್ದು ಆಗಸ್ಟ್ 16ರ ರಾತ್ರಿ, ಎರಡನೇ ಅಮಾವಾಸ್ಯೆ ಮುಗಿದ ಮೇಲೆ. ನಡುವಿನ ಆ ತಿಂಗಳಿಗೆ ಸಂಕ್ರಮಣವೇ ಸಿಗಲಿಲ್ಲ. ಕೆಲವೇ ಗಂಟೆಗಳಲ್ಲಿ ತಪ್ಪಿತು. ಸಂಕ್ರಮಣ ಇಲ್ಲದ ತಿಂಗಳು ಅಧಿಕ. ಹಾಗಾಗಿ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ, ಆಮೇಲಿನದು ನಿಜ ಶ್ರಾವಣ.

ಅಧಿಕ ಶ್ರಾವಣದ ಹುಣ್ಣಿಮೆ ಮುಗಿದದ್ದು ಆಗಸ್ಟ್ 1, ಸೋಮವಾರ ಮಧ್ಯಾಹ್ನ. ಅಲ್ಲಿಂದ ಮಂಗಳವಾರ ಮಧ್ಯಾಹ್ನದವರೆಗೆ ಪಾಡ್ಯ. ಅಲ್ಲಿಂದ ಬುಧವಾರ ಮಧ್ಯಾಹ್ನದವರೆಗೆ ಬಿದಿಗೆ. ಬುಧವಾರ ಬೆಳಿಗ್ಗೆ ನಕ್ಷತ್ರ ಶತಭಿಷಾ. ಅಂದರೆ ಆಗಸ್ಟ್ 3ರಂದು ತಿಥಿ, ವಾರ, ನಕ್ಷತ್ರ ಮೂರೂ ಕೂರುತ್ತವೆ.

ನಿಜ ಶ್ರಾವಣದ ಬಹುಳ ಬಿದಿಗೆ ಬರುವುದು ಸೆಪ್ಟೆಂಬರ್ 1ಕ್ಕೆ. ಅದು ಗುರುವಾರ, ನಕ್ಷತ್ರ ಪೂರ್ವಾಭಾದ್ರ. ಎರಡೂ ಹೊಂದುವುದಿಲ್ಲ.

ಗಣಿಯ 31ನೇ ತಾರೀಖು ಮೋಸ ಮಾಡುವಂಥದ್ದೇ, ಅವನದ್ದು ತಪ್ಪಿಲ್ಲ. ಚಂದ್ರ ಸುಮಾರು 27 ದಿನಕ್ಕೊಮ್ಮೆ ಅದೇ ನಕ್ಷತ್ರಕ್ಕೆ ಬರುತ್ತಾನೆ. 28 ದಿನಕ್ಕೆ ಅದೇ ವಾರ ಬರುತ್ತೆ. ಆದ್ದರಿಂದ ನಾಲ್ಕು ವಾರದ ಅಂತರದಲ್ಲಿ ವಾರ, ನಕ್ಷತ್ರ ಎರಡೂ ಒಟ್ಟಿಗೆ ಸಿಗುವುದು ಆಶ್ಚರ್ಯವಲ್ಲ. ಆದರೆ ತಿಥಿಯ ಚಕ್ರ 29 ದಿನ ಮೀರಿದ್ದು, ಅದು ಹಿಂದೆ ಉಳಿಯುತ್ತೆ. ಅದಕ್ಕೇ ಪಾಡ್ಯ ತೋರಿಸುತ್ತಿದೆ. ಅಲ್ಲಿ ಹುಣ್ಣಿಮೆ ಮುಗಿದದ್ದೇ 31ರ ಬೆಳಗಿನ ಜಾವ. ಅವತ್ತು ಬೆಳಿಗ್ಗೆ ಬಿದಿಗೆ ಆಗಲು ಸಾಧ್ಯವೇ ಇಲ್ಲ.

ಆದರೂ ಬರೆದವರು ತಿಥಿ ಒಂದು ತಪ್ಪು ಬರೆದಿರಬಹುದು ಅಂತ ಗಣಿ ವಾದ ಮಾಡಬಹುದು. ಅದಕ್ಕೆ ಒಂದು ಪರೀಕ್ಷೆ ಇದೆ. ತಂಗೀ, ಜಾತಕದಲ್ಲಿ ಕುಂಡಲಿಯ ಚೌಕ ಉಳಿದಿದೆಯಾ? ಅದರಲ್ಲಿ ‘ರ’ ಅಥವಾ ‘ರವಿ’ ಅಂತ ಎಲ್ಲಿ ಬರೆದಿದೆ ನೋಡಿ ಹೇಳಿ. ಬೇರೆ ಯಾವುದೂ ಬೇಡ, ರವಿ ಒಂದೇ ಸಾಕು.

ಹಾರಂಗಿ ದಂಡೆ

ಉಳಿದಿದೆ ಭಟ್ಟರೇ. ಕುಂಡಲಿ ಕಾಗದದ ಕೆಳಗಡೆ ಇದೆ, ಅಲ್ಲಿ ಹುಳ ಹೋಗಿಲ್ಲ. ಹನ್ನೆರಡು ಮನೆಯ ಚೌಕ, ನಡುವೆ ‘ರಾಶಿ’ ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ‘ರ’ ಇರುವುದು ಬಲಗಡೆ ಸಾಲಿನಲ್ಲಿ ಮೇಲಿನಿಂದ ಎರಡನೇ ಮನೆಯಲ್ಲಿ. ‘ಚಂ’ ಎಡಗಡೆ ಸಾಲಿನಲ್ಲಿ ಮೇಲಿನಿಂದ ಎರಡನೆಯದು. ‘ಲ’ ಬಲಗಡೆ ಕೆಳಗಿನ ಮೂಲೆ.

ಭಾಗಮಂಡಲ ಭಟ್ಟ

ಮುಗಿಯಿತು ಹಾಗಾದರೆ. ನಮ್ಮ ಕಡೆ ಚೌಕದಲ್ಲಿ ಮನೆಗಳ ಜಾಗ ಬದಲಾಗುವುದಿಲ್ಲ. ಎಡಗಡೆ ಮೇಲಿನ ಮೂಲೆ ಮೀನ, ಅಲ್ಲಿಂದ ಬಲಕ್ಕೆ ಮೇಷ, ವೃಷಭ, ಮಿಥುನ. ಬಲಗಡೆ ಇಳಿದರೆ ಎರಡನೆಯದು ಕರ್ಕ, ಮೂರನೆಯದು ಸಿಂಹ, ಮೂಲೆಯಲ್ಲಿ ಕನ್ಯಾ. ನಿಮ್ಮ ಅಮ್ಮನ ರವಿ ಕರ್ಕದಲ್ಲಿದ್ದಾನೆ. ಆಗಸ್ಟ್ 16ರ ರಾತ್ರಿ ಕಳೆದ ಮೇಲೆ ಹುಟ್ಟಿದ್ದರೆ ರವಿ ಅದರ ಕೆಳಗಿನ ಮನೆಯಲ್ಲಿ, ಸಿಂಹದಲ್ಲಿ ಇರಬೇಕಿತ್ತು. ಹಾಗಾಗಿ ಆಗಸ್ಟ್ 31ಕ್ಕೂ ಸೆಪ್ಟೆಂಬರ್ 1ಕ್ಕೂ ಜಾಗವೇ ಇಲ್ಲ.

ಚಂದ್ರ ಕುಂಭದಲ್ಲಿ, ಶತಭಿಷಾ ಇರುವುದೂ ಅಲ್ಲೇ. ಇನ್ನು ಹೊತ್ತು. ಘಳಿಗೆ ಅಂದರೆ 24 ನಿಮಿಷ, ಒಂಬತ್ತೂವರೆ ಘಳಿಗೆಗೆ 228 ನಿಮಿಷ, ಅಂದರೆ 3 ಗಂಟೆ 48 ನಿಮಿಷ. ಮಡಿಕೇರಿ ಕಡೆ ಆಗಸ್ಟ್ ಮೊದಲ ವಾರ ಸೂರ್ಯೋದಯ ಸುಮಾರು 6.12ಕ್ಕೆ. ಕೂಡಿದರೆ ಬೆಳಿಗ್ಗೆ ಹತ್ತು ಗಂಟೆ. ಆ ಹೊತ್ತಿಗೆ ಕನ್ಯಾ ಲಗ್ನ, ಅದೂ ನಿಮ್ಮ ಚೌಕದಲ್ಲಿ ಸರಿಯಾಗಿ ಬಂದಿದೆ. ಬರೆದವರು ಜಾಗ್ರತೆಯಿಂದ ಬರೆದಿದ್ದಾರೆ.

3 ಆಗಸ್ಟ್ 1966, ಬುಧವಾರ. ತೂತಿನಲ್ಲಿದ್ದ ಪದ ‘ಅಧಿಕ’.

ನಾಪೋಕ್ಲು ಅಣ್ಣ

ಅಯ್ಯೋ, ಆಗಸ್ಟ್ 3 ಅಂದರೆ ಕಕ್ಕಡ ಪದ್‌ನೆಟ್ಟ್! ಮದ್ದು ಪಾಯಸದ ದಿನ. ಅವತ್ತು ಹುಟ್ಟಿದ್ದರೆ ಊರಲ್ಲಿ ಯಾರಿಗಾದರೂ ನೆನಪಿರಲೇಬೇಕು, ಕೇಳಿ ನೋಡಿ.

ಭಟ್ಟರೇ, ರವಿ ಕರ್ಕದಲ್ಲಿರುವುದು ಅಂದರೆ ನಮ್ಮ ಕಕ್ಕಡ ತಿಂಗಳೇ ಅಲ್ವಾ?

ಭಾಗಮಂಡಲ ಭಟ್ಟ

ಅದೇ ಅಣ್ಣಾ. ಸೂರ್ಯ ಕರ್ಕದಲ್ಲಿರುವ ತಿಂಗಳನ್ನೇ ನೀವು ಕಕ್ಕಡ ಅನ್ನುವುದು. ನಿಮ್ಮ ಲೆಕ್ಕ ಸೂರ್ಯನದ್ದು, ಅದರಲ್ಲಿ ಅಧಿಕ ಮಾಸದ ಗೊಂದಲ ಬರುವುದಿಲ್ಲ. ನೀವು ಮೊದಲು ಹೇಳಿದಾಗ ನಾನು ಅದನ್ನು ಹಿಡಿದುಕೊಳ್ಳಬೇಕಿತ್ತು. ‘ಅಮ್ಮ ಹುಟ್ಟಿದ್ದು ಕಕ್ಕಡದಲ್ಲೋ ಅದು ಕಳೆದ ಮೇಲೋ’ ಅಂತ ಮನೆಯಲ್ಲಿ ಒಂದು ಮಾತು ಕೇಳಿದ್ದರೂ ಇದೇ ಉತ್ತರ ಸಿಗುತ್ತಿತ್ತು.

ಹಾರಂಗಿ ದಂಡೆ

ಈಗಷ್ಟೇ ಅಮ್ಮನ ಸೋದರತ್ತೆಗೆ ಫೋನ್ ಮಾಡಿದೆ. ಅವರಿಗೆ ಎಂಬತ್ತು ದಾಟಿದೆ. ನಾನು ತಾರೀಖು ಹೇಳಲೇ ಇಲ್ಲ. ‘ಅಮ್ಮ ಹುಟ್ಟಿದ ದಿನ ನಿಮಗೆ ಏನು ನೆನಪಿದೆ’ ಅಂತ ಮಾತ್ರ ಕೇಳಿದೆ. ಮಳೆ ಹಿಡಿದುಕೊಂಡಿತ್ತು, ಹಾದಿಯಲ್ಲಿ ಕಾಲಿಡಲು ಆಗುತ್ತಿರಲಿಲ್ಲ, ಸೂಲಗಿತ್ತಿ ಗೊರಗ ಹಾಕಿಕೊಂಡು ಬಂದಿದ್ದಳು ಅಂದರು. ಆಮೇಲೆ ತಾವಾಗಿಯೇ ಹೇಳಿದರು, ತೋಟದಾಚೆ ಇದ್ದ ಕೊಡವರ ಮನೆಯಿಂದ ಅವತ್ತು ಸಂಜೆ ಒಂದು ಪಾತ್ರೆ ಮದ್ದು ಪಾಯಸ ಬಂದಿತ್ತಂತೆ, ಕಡು ನೇರಳೆ ಬಣ್ಣದ್ದು. ಬಾಣಂತಿಗೆ ಕೊಡಬಹುದೋ ಬೇಡವೋ ಅಂತ ಅಜ್ಜಿ, ಮುತ್ತಜ್ಜಿ ಇಬ್ಬರಿಗೂ ಮಾತಾಯಿತಂತೆ.

ನನಗೆ ಮೈ ಜುಂ ಅಂತು. ಅಮ್ಮನಿಗೆ ಅರವತ್ತರ ಹತ್ತಿರ ಬಂದ ಮೇಲೆ ಹುಟ್ಟಿದ ದಿನ ಗೊತ್ತಾಯಿತು. ಎಲ್ಲರಿಗೂ ತುಂಬಾ ಧನ್ಯವಾದ.

ಮುಂದೆ ಏನು ಮಾಡಬೇಕು? ಆಧಾರ್‌ನಲ್ಲಿ ಇದನ್ನೇ ಬದಲಾಯಿಸಿಬಿಡಲಾ?

ನಿವೃತ್ತ ಗುಮಾಸ್ತ

ಬೇಡಮ್ಮ, ಆತುರ ಬೇಡ. ಇಷ್ಟು ಹೊತ್ತು ಓದುತ್ತಾ ಕುಳಿತಿದ್ದೆ, ಕಚೇರಿ ಕೆಲಸದ ಮಾತು ಬಂತು ಅಂತ ಹೇಳುತ್ತೇನೆ. ಆಧಾರ್‌ನಲ್ಲಿ ಹುಟ್ಟಿದ ದಿನವನ್ನು ಸಾಮಾನ್ಯವಾಗಿ ಒಂದೇ ಸಲ ಬದಲಾಯಿಸಲು ಬಿಡುತ್ತಾರೆ. ಆ ಒಂದು ಅವಕಾಶವನ್ನು ಕೊನೆಗೆ ಇಟ್ಟುಕೊಳ್ಳಿ. ಜಾತಕ ತೋರಿಸಿದರೆ ಅಲ್ಲಿ ನಡೆಯುವುದೂ ಇಲ್ಲ.

ಮೊದಲ ಕೆಲಸ, ಈ ತಾರೀಖು ಹಿಡಿದುಕೊಂಡು ಹಳೇ ಜನನ ರಿಜಿಸ್ಟರ್ ಹುಡುಕಿಸಿ. ಹುಡುಕಲು ಅರ್ಜಿ ಕೊಡುವಾಗ ಆಗಸ್ಟ್ 3 ಒಂದೇ ಬರೆಯಬೇಡಿ. ಆಗ ಹಳ್ಳಿಯಿಂದ ಸುದ್ದಿ ಮುಟ್ಟಿದ ದಿನ ಬರೆದುಕೊಂಡದ್ದೂ ಉಂಟು. ಆಗಸ್ಟ್, ಸೆಪ್ಟೆಂಬರ್ ಎರಡೂ ತಿಂಗಳು ನೋಡಿ ಅಂತ ಕೇಳಿ. ಮಗುವಿಗೆ ಹೆಸರಿಟ್ಟಿರುವುದಿಲ್ಲ, ‘ಹೆಣ್ಣು’ ಅಂತ ಮಾತ್ರ ಇರುತ್ತೆ. ಅಜ್ಜನ ಹೆಸರು, ಊರಿನ ಹೆಸರಿನ ಮೇಲೆ ಹುಡುಕಬೇಕು.

ಸಿಕ್ಕರೆ ಅದರಲ್ಲಿರುವುದೇ ನಿಮ್ಮ ತಾರೀಖು. ಸಿಗದಿದ್ದರೆ ‘ನೋಂದಣಿ ಲಭ್ಯವಿಲ್ಲ’ ಅಂತ ಬರೆಸಿಕೊಳ್ಳಿ, ಆಮೇಲೆ ತಡವಾದ ನೋಂದಣಿಗೆ ಅರ್ಜಿ. ಒಂದು ವರ್ಷ ದಾಟಿದ ಜನನಕ್ಕೆ ಮುಂಚೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬೇಕಿತ್ತು. 2023ರಲ್ಲಿ ಕಾಯ್ದೆ ತಿದ್ದಿದ ಮೇಲೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗದ ಮ್ಯಾಜಿಸ್ಟ್ರೇಟ್ ಹಂತದಲ್ಲಿ ಆದೇಶ ಆಗುತ್ತೆ. ಅಲ್ಲಿ ಜಾತಕವನ್ನು ಪೂರಕ ಕಾಗದವಾಗಿ ಇಡಬಹುದು. ಅದೊಂದರ ಮೇಲೆಯೇ ಆದೇಶ ಸಿಗುತ್ತೆ ಅಂದುಕೊಳ್ಳಬೇಡಿ. ಸೋದರತ್ತೆಯವರ ಪ್ರಮಾಣಪತ್ರ ಈಗಲೇ ಮಾಡಿಸಿಕೊಳ್ಳಿ. ಅವರಿಗೆ ವಯಸ್ಸಾಗಿದೆ.

ಅಫಿಡವಿಟ್‌ನಲ್ಲಿ ‘ಜಾತಕದ ಪ್ರಕಾರ 3-8-1966’ ಅಂತ ಸುಮ್ನೆ ಬರೆಯಬೇಡಿ. ಜಾತಕದ ಸಾಲನ್ನು ಇದ್ದ ಹಾಗೇ ನಕಲು ಮಾಡಿ, ಅದಕ್ಕೆ ಸಮನಾದ ತಾರೀಖು ಇದು ಅಂತ ಬರೆಯಿರಿ. ಇಂಗ್ಲಿಷ್ ಅನುವಾದದಲ್ಲೂ ಹಾಗೇ ಇರಲಿ. ತಿಂಗಳನ್ನು ಅಂಕಿಯಲ್ಲಿ ಹಾಕಬೇಡಿ. 03-08 ಅಂದರೆ ಕೆಲವು ದೇಶದಲ್ಲಿ ಮಾರ್ಚ್ 8 ಅಂತ ಓದುತ್ತಾರೆ. ತಿಂಗಳ ಹೆಸರು ಅಕ್ಷರದಲ್ಲಿರಲಿ.

ಮುಖ್ಯವಾದ ಮಾತು ಕೊನೆಗೆ ಕೇಳುತ್ತೇನೆ. ಅಮ್ಮ ಶಾಲೆಗೆ ಹೋಗಿದ್ದರಾ?

ವಿರಾಜಪೇಟೆ ಟೀಚರ್

ಗುಮಾಸ್ತರೇ, ನಮ್ಮ ತಂದೆಯವರದ್ದೂ ಇಂಥದ್ದೇ. ಜಾತಕದಲ್ಲಿ ‘ಮಂಗಳವಾರ, ಉದಯಾದಿ 52 ಘಳಿಗೆ’ ಅಂತಿದೆ. ಪಿಂಚಣಿ ಕಾಗದ, ಎಸ್ಸೆಸ್ಸೆಲ್ಸಿ ಎಲ್ಲದರಲ್ಲೂ ಮಂಗಳವಾರದ ತಾರೀಖೇ ಇದೆ. ಭಟ್ಟರ ಲೆಕ್ಕದಲ್ಲಿ ಮಾಡಿದರೆ 52ಕ್ಕೆ 24, ಅಂದರೆ 20 ಗಂಟೆ 48 ನಿಮಿಷ. ಅದು ನಡುರಾತ್ರಿ ಕಳೆದು ಮೂರು ಗಂಟೆ ಆಗುತ್ತೆ. ಹಾಗಾದರೆ ಇಂಗ್ಲಿಷ್ ತಾರೀಖು ಮರುದಿನದ್ದು ಆಗಬೇಕಲ್ವಾ?

ಭಾಗಮಂಡಲ ಭಟ್ಟ

ಹೌದು ಟೀಚರೇ, ನೀವು ಸರಿಯಾಗಿ ಹಿಡಿದಿರಿ. ನಮ್ಮ ವಾರ ಸೂರ್ಯೋದಯಕ್ಕೆ ಬದಲಾಗುತ್ತೆ, ಇಂಗ್ಲಿಷ್ ದಿನ ನಡುರಾತ್ರಿಗೆ. ಜಾತಕ ಮಂಗಳವಾರ ಅಂದರೂ ಇಂಗ್ಲಿಷ್ ಲೆಕ್ಕದಲ್ಲಿ ಅವರು ಬುಧವಾರ ಹುಟ್ಟಿದವರು. ಸುಮಾರು 45 ಘಳಿಗೆ ದಾಟಿತು ಅಂದರೆ ತಾರೀಖನ್ನು ಒಂದು ಮುಂದೆ ಹಾಕಬೇಕು.

ನಿವೃತ್ತ ಗುಮಾಸ್ತ

ಲೆಕ್ಕ ಸರಿ. ಆದರೆ ಟೀಚರೇ, ಎಲ್ಲ ಕಾಗದದಲ್ಲೂ ಒಂದೇ ತಾರೀಖು ಇದ್ದರೆ ದಯವಿಟ್ಟು ಮುಟ್ಟಬೇಡಿ. ಒಂದು ದಿನ ಸರಿ ಮಾಡಲು ಹೋದರೆ ಪಿಂಚಣಿ ನಿಂತು ಹೋದೀತು.

ಹಾರಂಗಿ ದಂಡೆ

ಎರಡು ವಾರ ಆಯ್ತು, ಬರೆಯಲು ತಡವಾಯಿತು. ರಿಜಿಸ್ಟರ್‌ನಲ್ಲಿ ಸಿಗಲಿಲ್ಲ. ಎರಡೂ ತಿಂಗಳು ಹುಡುಕಿದರು. ‘ಲಭ್ಯವಿಲ್ಲ’ ಅಂತ ಪತ್ರ ಕೊಟ್ಟಿದ್ದಾರೆ.

ಗುಮಾಸ್ತರೇ, ನೀವು ಕೇಳಿದ್ದೇ ಈಗ ತೊಡಕಾಗಿದೆ. ಅಮ್ಮ ನಾಲ್ಕನೇ ಕ್ಲಾಸಿನವರೆಗೆ ಓದಿದ್ದರು. ಶಾಲೆಯ ದಾಖಲಾತಿ ಪುಸ್ತಕ ಇನ್ನೂ ಇದೆ. ಅದರಲ್ಲಿ 1-6-1965 ಅಂತ ಬರೆದಿದ್ದಾರೆ. ಸೇರಿಸುವಾಗ ವಯಸ್ಸು ಸಾಲಲಿ ಅಂತ ಅಜ್ಜ ಹೇಳಿದ್ದಿರಬೇಕು. ಅದೇ ಪುಟದಲ್ಲಿ ಇನ್ನೂ ಏಳು ಮಕ್ಕಳಿಗೆ ಜೂನ್ 1 ಅಂತಲೇ ಇದೆ.

ನಿವೃತ್ತ ಗುಮಾಸ್ತ

ಇದೇ ನನಗೆ ಭಯ ಇದ್ದದ್ದು. ಕಚೇರಿಯ ಕಣ್ಣಿಗೆ ಶಾಲೆಯ ದಾಖಲೆಯ ತೂಕ ಜಾತಕಕ್ಕಿಂತ ಜಾಸ್ತಿ. ನನ್ನ ಸಲಹೆ ಕೇಳಿದರೆ 1-6-1965 ಅನ್ನೇ ಒಪ್ಪಿಕೊಂಡು ಆಧಾರ್ ಅದಕ್ಕೆ ಹೊಂದಿಸಿ. ಕೆಲಸ ಬೇಗ ಆಗುತ್ತೆ.

ಭಾಗಮಂಡಲ ಭಟ್ಟ

ಗುಮಾಸ್ತರೇ, ನಿಮ್ಮ ಅನುಭವಕ್ಕೆ ನಾನು ಎದುರಾಡುವುದಿಲ್ಲ. ಆದರೆ ತಡವಾದ ನೋಂದಣಿಗೆ ಪ್ರಮಾಣ ಮಾಡಿ ಬರೆಯಬೇಕಲ್ಲ. ಆಗಸ್ಟ್ 3 ಅಂತ ಇಷ್ಟು ಖಚಿತವಾದ ಮೇಲೆ ಇನ್ನೊಂದು ತಾರೀಖಿಗೆ ಆ ತಾಯಿ ಹೇಗೆ ಪ್ರಮಾಣ ಮಾಡುತ್ತಾರೆ? ಎರಡನ್ನೂ ಮುಚ್ಚಿಡದೆ ಮುಂದಿಡಲಿ. ಆ ಪುಟದ ಪೂರ್ತಿ ನಕಲು ತೆಗೆಸಲಿ, ಎಂಟು ಮಕ್ಕಳಿಗೂ ಜೂನ್ 1 ಇರುವುದು ಕಾಣಲಿ. ಅಧಿಕಾರಿ ನೋಡಿ ತೀರ್ಮಾನಿಸಲಿ.

ನಿವೃತ್ತ ಗುಮಾಸ್ತ

ಪುಟದ ನಕಲಿನ ಮಾತು ಒಳ್ಳೆಯದು, ಅದು ನನಗೆ ಹೊಳೆದಿರಲಿಲ್ಲ. ದೃಢೀಕರಿಸಿ ಕೊಡಲು ಮುಖ್ಯ ಶಿಕ್ಷಕರಿಗೆ ಅರ್ಜಿ ಕೊಡಿ. ಮಿಕ್ಕ ಮಕ್ಕಳ ಹೆಸರು ಮುಚ್ಚಿ ಕೊಡಬಹುದು, ತಾರೀಖಿನ ಸಾಲು ಕಂಡರೆ ಸಾಕು. ಆದರೂ ಅಧಿಕಾರಿ ಒಪ್ಪುತ್ತಾರೆ ಅಂತ ನಾನು ಹೇಳಲಾರೆ.

ಹಾರಂಗಿ ದಂಡೆ

ಅಮ್ಮನನ್ನೇ ಕೇಳಿದೆ. ‘ಪಾಯಸ ಬಂದ ದಿನವೇ ಬರೆಸು’ ಅಂದರು. ಸೋದರತ್ತೆಯ ಪ್ರಮಾಣಪತ್ರ ಆಗಿದೆ. ಸೋಮವಾರ ಶಾಲೆಗೆ ಹೋಗಿ ಪುಟದ ನಕಲಿಗೆ ಅರ್ಜಿ ಕೊಡುತ್ತೇನೆ. ಜಾತಕವನ್ನು ಮಡಿಸದೆ ಎರಡು ರಟ್ಟಿನ ನಡುವೆ ಇಟ್ಟಿದ್ದೇನೆ. ಬಿಚ್ಚುವಾಗ ತೂತಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿದೆ. ‘ಶ್ರಾವಣ’ದ ಹಿಂದೆ ಒಂದು ಅಕ್ಷರದ ಬಲಗಡೆ ತುದಿ ಉಳಿದಿದೆ. ನನ್ನ ಕಣ್ಣಿಗೆ ಅದು ‘ಕ’, ಅಣ್ಣನಿಗೆ ಫೋಟೋದಲ್ಲಿ ‘ಜ’ ಥರ ಕಾಣಿಸಿತಂತೆ.